ಮೊದಲ ಮತದ ಫೋಟೊ ಕೆಳಗೆ ಏನು ಬರೆಯೋಣ?

ಮತದಾನದ ದಿನ ಬೆಳಗ್ಗೆ ಎಂಟು ಗಂಟೆ ಆಗುವಷ್ಟರಲ್ಲಿ ಫೋನಿನ ತುಂಬ ಎಡಗೈಯ ತೋರುಬೆರಳುಗಳು ಬಂದು ತುಂಬಿಕೊಳ್ಳುತ್ತವೆ. ಅವುಗಳಲ್ಲಿ ಮೊದಲ ಸಲ ಮತ ಹಾಕಿದವರ ಬೆರಳನ್ನು ಗುರುತಿಸುವುದು ಸುಲಭ. ಬೆರಳನ್ನು ಕ್ಯಾಮೆರಾಗೆ ತೀರ ಹತ್ತಿರ ಹಿಡಿದಿರುತ್ತಾರೆ, ಹಿಂದೆ ಮುಖ ಮಸುಕಾಗಿ ನಗುತ್ತಿರುತ್ತದೆ. ಫೋಟೊ ಚೆನ್ನಾಗಿಯೇ ಇರುತ್ತದೆ, ಕಷ್ಟವಾಗುವುದು ಅದರ ಕೆಳಗೆ ಬರೆಯುವ ಒಂದು ಸಾಲಿಗೆ. ‘ಪ್ರಜಾಪ್ರಭುತ್ವದ ಹಬ್ಬ’, ‘ನನ್ನ ಮತ ನನ್ನ ಹಕ್ಕು’ ಎಂದು ಬರೆದು ಮುಗಿಸುವವರೇ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸಾಲು ಯಾರ ಬೆರಳಿಗೂ, ಯಾವ ಊರಿಗೂ, ಯಾವ ವರ್ಷಕ್ಕೂ ಹೊಂದುತ್ತದೆ.

2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ನಡೆದಾಗ ಆರ್.ಟಿ. ನಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ಮತಗಟ್ಟೆಯಿಂದ ನೇರವಾಗಿ ಬಂದು, “ಅಂಕಲ್, ಫೋಟೊ ತೆಗೆದಾಯ್ತು. ಕೆಳಗೆ ಏನು ಬರೀಲಿ? ಎಲ್ಲರೂ ಬರೆಯೋದೇ ಬೇಡ” ಎಂದು ಕೇಳಿದಳು. ಪದವಿ ಕಾಲೇಜಿಗೆ ಸೇರಬೇಕಿದ್ದ ಹುಡುಗಿ, ಹದಿನೆಂಟು ತುಂಬಿ ಎರಡು ತಿಂಗಳು ಆಗಿತ್ತು. ಅವಳ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕಾದರೆ ಆ ಗುರುತು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಮೊದಲು ಗೊತ್ತಿರಬೇಕು. ಗುರುತು ಹೇಳದ್ದನ್ನು ನಾವು ಅದರ ಬಾಯಲ್ಲಿ ಹೇಳಿಸಬಾರದು.

ಶಾಯಿ ಬೀಳುವ ಜಾಗದಿಂದಲೇ ಶುರು ಮಾಡೋಣ. ಮತಗಟ್ಟೆಯ ಒಳಗೆ ಕಾಲಿಟ್ಟರೆ ಮೊದಲು ಸಿಗುವವರು ಒಂದನೇ ಮತಗಟ್ಟೆ ಅಧಿಕಾರಿ. ಅವರ ಮುಂದೆ ಆ ಮತಗಟ್ಟೆಯ ಮತದಾರರ ಪಟ್ಟಿ ಇರುತ್ತದೆ. ಗುರುತಿನ ಚೀಟಿ ನೋಡಿ, ನಿಮ್ಮ ಹೆಸರು ಮತ್ತು ಕ್ರಮಸಂಖ್ಯೆಯನ್ನು ಪಕ್ಷಗಳ ಏಜೆಂಟರಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಯಾರೂ ತಕರಾರು ತೆಗೆಯದಿದ್ದರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಗೆರೆ ಎಳೆಯುತ್ತಾರೆ. ಹೆಂಗಸರಾದರೆ ಗೆರೆಯ ಜೊತೆಗೆ ಕ್ರಮಸಂಖ್ಯೆಯ ಬಳಿ ಒಂದು ಟಿಕ್ ಗುರುತೂ ಬೀಳುತ್ತದೆ. ಎಷ್ಟು ಜನ ಗಂಡಸರು, ಎಷ್ಟು ಜನ ಹೆಂಗಸರು ಮತ ಹಾಕಿದರು ಎಂದು ದಿನದ ಕೊನೆಗೆ ಲೆಕ್ಕ ಕೊಡಲು ಇದು ಬೇಕು.

ಎರಡನೇ ಅಧಿಕಾರಿಯ ಬಳಿ ಇರುವುದೇ ಶಾಯಿ. ಮೇಜಿನ ಮೇಲೆ ಗಮನವಿಟ್ಟು ನೋಡಿದರೆ ಒಂದು ಬಟ್ಟಲಿನಲ್ಲೋ ಖಾಲಿ ಡಬ್ಬದಲ್ಲೋ ಮರಳು ತುಂಬಿ, ಅದರಲ್ಲಿ ಶಾಯಿಯ ಪುಟ್ಟ ಶೀಶೆಯನ್ನು ಮುಕ್ಕಾಲು ಭಾಗ ಹೂತಿಟ್ಟಿರುವುದು ಕಾಣಿಸುತ್ತದೆ. ಕೈ ತಾಗಿ ಶೀಶೆ ಉರುಳಿ ಶಾಯಿ ಚೆಲ್ಲಬಾರದು ಎಂದು ಚುನಾವಣಾ ಆಯೋಗದ ಕೈಪಿಡಿಯೇ ಹೇಳಿಕೊಟ್ಟಿರುವ ಉಪಾಯ ಅದು. ಅಧಿಕಾರಿ ಮೊದಲು ನಿಮ್ಮ ಎಡಗೈ ತೋರುಬೆರಳನ್ನು ನೋಡುತ್ತಾರೆ. ಈಗಾಗಲೇ ಗುರುತು ಇದೆಯೇ, ಶಾಯಿ ಹಿಡಿಯದಿರಲಿ ಎಂದು ಎಣ್ಣೆಯನ್ನೋ ಜಿಡ್ಡನ್ನೋ ಸವರಿಕೊಂಡಿದ್ದಾರೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಜಿಡ್ಡಿದ್ದರೆ ಬಟ್ಟೆಯಿಂದ ಒರೆಸಿ ಆಮೇಲೆ ಶಾಯಿ ಹಾಕಬೇಕು. ಉಗುರಿನ ತುದಿಯಿಂದ ಬೆರಳಿನ ಮೊದಲ ಗೆಣ್ಣಿನವರೆಗೆ ಒಂದು ಉದ್ದ ಗೆರೆ ಎಳೆಯಬೇಕೆಂಬ ನಿಯಮ 2006ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹಾಗಾಗಿಯೇ ಇವತ್ತಿನ ಫೋಟೊಗಳಲ್ಲಿ ಉಗುರಿನ ಮೇಲಿಂದ ಚರ್ಮಕ್ಕೆ ಇಳಿದ ಪಟ್ಟಿ ಕಾಣಿಸುತ್ತದೆ.

ಶಾಯಿ ಹಾಕಿದ ಮೇಲೆ 17ಎ ಎಂಬ ರಿಜಿಸ್ಟರಿನಲ್ಲಿ ನಿಮ್ಮ ಕ್ರಮಸಂಖ್ಯೆ ಬರೆದು ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆದು, ಒಂದು ಚೀಟಿ ಕೊಡುತ್ತಾರೆ. ಸಹಿಗೆ ಮೊದಲೇ ಶಾಯಿ ಹಾಕುವುದಕ್ಕೆ ಕಾರಣವಿದೆ. ಸಹಿ ಮಾಡಿ, ಚೀಟಿ ಪಡೆದು, ಮುಂದಿನ ಮೇಜಿಗೆ ಹೋಗುವಷ್ಟರಲ್ಲಿ ಗುರುತು ಒಣಗಲು ಸಮಯ ಸಿಗುತ್ತದೆ. ಮೂರನೇ ಅಧಿಕಾರಿ ಆ ಚೀಟಿ ಪಡೆದು, ಬೆರಳಿನಲ್ಲಿ ಗುರುತು ಸರಿಯಾಗಿದೆಯೇ ಎಂದು ನೋಡಿ, ಅಳಿಸಿದಂತಿದ್ದರೆ ಮತ್ತೆ ಹಾಕಿಸಿ, ಆಮೇಲಷ್ಟೇ ಕಂಟ್ರೋಲ್ ಯೂನಿಟ್ಟಿನ ಬ್ಯಾಲಟ್ ಗುಂಡಿ ಒತ್ತುತ್ತಾರೆ. ಅವರು ಒತ್ತಿದರೆ ಮಾತ್ರ ಮರೆಯ ಹಿಂದಿರುವ ಯಂತ್ರ ನಿಮ್ಮ ಒಂದು ಮತಕ್ಕೆ ತೆರೆದುಕೊಳ್ಳುತ್ತದೆ. ನೀವು ನೀಲಿ ಗುಂಡಿ ಒತ್ತಿ, ವಿವಿಪ್ಯಾಟಿನ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿಯನ್ನು ನೋಡಿ, ಬೀಪ್ ಸದ್ದು ಕೇಳಿ ಹೊರಬರುತ್ತೀರಿ.

ಈ ಕ್ರಮದಲ್ಲಿ ಒಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ. ಶಾಯಿ ಬೀಳುವುದು ಮತ ಹಾಕುವುದಕ್ಕೆ ಮೊದಲು. ನೀವು ಗುಂಡಿ ಒತ್ತುವಾಗ ಗುರುತು ಆಗಲೇ ನಿಮ್ಮ ಬೆರಳಿನಲ್ಲಿರುತ್ತದೆ. ಅಂದರೆ ಆ ಗುರುತು ಮತಕ್ಕೆ ಕೊಟ್ಟ ರಸೀದಿಯಲ್ಲ. ‘ಈ ವ್ಯಕ್ತಿ ಪಟ್ಟಿಯಲ್ಲಿದ್ದಾರೆ, ಇವರೇ ಅವರು ಎಂದು ಎಲ್ಲರ ಎದುರು ಒಪ್ಪಿಕೊಂಡಿದ್ದೇವೆ, ಇವರ ಒಂದು ಸರದಿ ಇವತ್ತಿಗೆ ಮುಗಿಯಿತು’ ಎನ್ನುವುದಷ್ಟೇ ಅದರ ಅರ್ಥ.

ಇದು ಮಾತಿಗೆ ಹೇಳಿದ ಭೇದವಲ್ಲ, ನಿಯಮಗಳಲ್ಲೇ ಇದೆ. 1961ರ ಚುನಾವಣೆ ನಡೆಸುವ ನಿಯಮಗಳ ಪ್ರಕಾರ ರಿಜಿಸ್ಟರಿಗೆ ಸಹಿ ಹಾಕಿದ ಮೇಲೂ ‘ನಾನು ಮತ ಹಾಕುವುದಿಲ್ಲ’ ಎಂದು ಒಬ್ಬರು ಹಿಂದೆ ಸರಿಯಬಹುದು. ಆಗ ಅಧ್ಯಕ್ಷಾಧಿಕಾರಿ ರಿಜಿಸ್ಟರಿನಲ್ಲಿ ಷರಾ ಬರೆದು ಅವರ ಸಹಿ ಪಡೆಯುತ್ತಾರೆ. ಅವರ ಬೆರಳಿನಲ್ಲೂ ಗೆರೆ ಇರುತ್ತದೆ, ಯಂತ್ರದಲ್ಲಿ ಅವರ ಮತ ಇರುವುದಿಲ್ಲ. ಇನ್ನೊಂದು ಸಂದರ್ಭ ಇದಕ್ಕಿಂತ ನೋವಿನದು. ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ನೀವೇ ನಿಜವಾದ ಮತದಾರರು ಎಂದು ಅಧ್ಯಕ್ಷಾಧಿಕಾರಿಗೆ ಮನವರಿಕೆಯಾದರೆ ನಿಮಗೆ ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಇದಕ್ಕೆ ಟೆಂಡರ್ಡ್ ವೋಟ್ ಎನ್ನುತ್ತಾರೆ. ಅದು ಬೇರೆ ಲಕೋಟೆಯಲ್ಲಿ ಮೊಹರಾಗಿ ಹೋಗುತ್ತದೆ. ಮಾಮೂಲಿ ಎಣಿಕೆಯಲ್ಲಿ ಅದು ಸೇರುವುದಿಲ್ಲ. ಆದರೂ ಅಲ್ಲಿಂದ ಹಾಗೇ ಹಿಂದಿರುಗಿ ಬರಬಾರದು, ಆ ಮತಪತ್ರವನ್ನು ಕೇಳಿ ಪಡೆಯಬೇಕು. ನಿಮ್ಮ ಹೆಸರನ್ನು ಯಾರೋ ಕದ್ದರು ಎಂಬುದಕ್ಕೆ ಉಳಿಯುವ ದಾಖಲೆ ಅದೇ.

ಬೆರಳಿನಲ್ಲಿ ಗುರುತಿಲ್ಲ ಎಂದ ಮಾತ್ರಕ್ಕೆ ಮತ ಹಾಕಿಲ್ಲ ಎಂದೂ ಹೇಳಲಾಗದು. ಯಲಹಂಕದಲ್ಲಿ ವಾಯುನೆಲೆ ಇದೆ. ಅಂಥ ಸೇನಾ ನೆಲೆಗಳಲ್ಲಿರುವವರು ತಮ್ಮ ಊರಿನ ಕ್ಷೇತ್ರದಲ್ಲಿ ಸೇವಾ ಮತದಾರರಾಗಿ ನೋಂದಾಯಿಸಿಕೊಂಡು ಅಂಚೆಯ ಮೂಲಕ ಮತ ಕಳಿಸಬಹುದು. ಅವರಿಗೆ ಮತಗಟ್ಟೆಯೂ ಇಲ್ಲ, ಶಾಯಿಯೂ ಇಲ್ಲ. ಹಾಗಾಗಿ ಗುರುತಿಲ್ಲದ ಬೆರಳಿನ ಮೇಲೆ ಕೊಂಕು ಮಾತು ಬರೆಯುವ ಮುಂಚೆ ಒಂದು ಕ್ಷಣ ಯೋಚಿಸುವುದು ಒಳ್ಳೆಯದು.

ಈ ಗುರುತಿಗೆ ಕರ್ನಾಟಕದವರು ಹೆಮ್ಮೆಪಡಲು ಇನ್ನೊಂದು ಕಾರಣವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಶುರುವಾಯಿತು. ಕಾಡಿನಿಂದ ಬರುತ್ತಿದ್ದ ಅರಗಿನಿಂದ ಮೊಹರು ಮಾಡುವ ಅರಗು, ಬಣ್ಣ ಮುಂತಾದವನ್ನು ತಯಾರಿಸುತ್ತಿದ್ದ ಕಾರ್ಖಾನೆ ಅದು. ಸ್ವಾತಂತ್ರ್ಯದ ನಂತರ ಸರ್ಕಾರಿ ಉದ್ಯಮವಾಗಿ, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆಯಿತು. 1962ರ ಮೂರನೇ ಮಹಾಚುನಾವಣೆಯ ಹೊತ್ತಿಗೆ ಅಳಿಸಲಾಗದ ಶಾಯಿ ಪೂರೈಸುವ ಹೊಣೆ ಇದಕ್ಕೆ ಬಂತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿದ್ಧಪಡಿಸಿದ ಸೂತ್ರದಂತೆ ಇಲ್ಲಿ ಶಾಯಿ ತಯಾರಾಗುತ್ತದೆ. ಅಂದಿನಿಂದ ಲೋಕಸಭೆಗೂ ವಿಧಾನಸಭೆಗಳಿಗೂ ಶಾಯಿ ಹೋಗುವುದು ಮೈಸೂರಿನ ಬನ್ನಿಮಂಟಪದ ಈ ಕಾರ್ಖಾನೆಯಿಂದಲೇ. ಹೊರದೇಶಗಳ ಚುನಾವಣೆಗಳಿಗೂ ಇಲ್ಲಿಂದ ಕಳಿಸಿದ್ದಾರೆ. ಅಂಗಡಿಯಲ್ಲಿ ಇದನ್ನು ಮಾರುವುದಿಲ್ಲ. 2024ರ ಲೋಕಸಭಾ ಚುನಾವಣೆಗೆ 26 ಲಕ್ಷಕ್ಕೂ ಹೆಚ್ಚು ಶೀಶೆಗಳು ಬೇಕಾದವು. 10 ಮಿಲಿಲೀಟರಿನ ಒಂದು ಶೀಶೆ ಸುಮಾರು 700 ಜನರಿಗೆ ಸಾಲುತ್ತದೆ. ಒಂದು ಮತಗಟ್ಟೆಗೆ ಆಗ 1,500 ಮತದಾರರವರೆಗೆ ಇರಬಹುದಿತ್ತಾದ್ದರಿಂದ ಒಂದು ಶೀಶೆ ನೆಚ್ಚಿಕೊಂಡು ಕೂರುವಂತಿರಲಿಲ್ಲ.

ಆ ಶಾಯಿ ಯಾಕೆ ಅಳಿಸುವುದಿಲ್ಲ ಎಂಬುದಕ್ಕೆ ಉತ್ತರ ಬೆಳ್ಳಿಯಲ್ಲಿದೆ. ಶಾಯಿಯ ಮುಖ್ಯ ದ್ರವ್ಯ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ. ಅದಕ್ಕೆ ಸ್ವಂತ ಬಣ್ಣವಿಲ್ಲ. ಹಾಕಿದ ಕೂಡಲೇ ಕಾಣಲಿ ಎಂದು ನೇರಳೆ ಬಣ್ಣವನ್ನೂ, ಬೇಗ ಒಣಗಲಿ ಎಂದು ಆಲ್ಕೋಹಾಲನ್ನೂ ಸೇರಿಸಿರುತ್ತಾರೆ. ನಮ್ಮ ಚರ್ಮದ ಮೇಲೆ ಬೆವರಿನಿಂದ ಬಂದ ಉಪ್ಪು ಸದಾ ಇರುತ್ತದೆ. ಬೆಳ್ಳಿಯ ಲವಣ ಆ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ, ಸೋಪಿಗೂ ಬಗ್ಗುವುದಿಲ್ಲ. ಅದರ ಮೇಲೆ ಬಿಸಿಲು ಬಿದ್ದಾಗ ಬೆಳ್ಳಿಯ ಅತಿಸೂಕ್ಷ್ಮ ಕಣಗಳು ಬೇರೆಯಾಗಿ ಕಪ್ಪಗಾಗುತ್ತವೆ. ಬೆಳಕು ಕಂಡರೆ ಶಾಯಿ ಕೆಡುವುದರಿಂದಲೇ ಅದನ್ನು ಬೆಳಕು ತಾಗದ ಗಾಢ ಬಣ್ಣದ ಶೀಶೆಗಳಲ್ಲಿ ತುಂಬುತ್ತಾರೆ.

ಆದ್ದರಿಂದ ಹೊಸ ಗುರುತಿನ ಬಣ್ಣವೂ ಹಳೆಯ ಗುರುತಿನ ಬಣ್ಣವೂ ಒಂದೇ ಅಲ್ಲ. ಮತಗಟ್ಟೆಯ ಬಾಗಿಲಲ್ಲಿ ತೆಗೆದ ಫೋಟೊದಲ್ಲಿ ಗೆರೆ ನೇರಳೆಯಾಗಿ, ಹಸಿಹಸಿಯಾಗಿ ಕಾಣುತ್ತದೆ. ಸಂಜೆಯ ಹೊತ್ತಿಗೆ ಅದೇ ಗೆರೆ ಕಂದುಗಪ್ಪಾಗಿ ಅಂಚು ಗಟ್ಟಿಯಾಗಿರುತ್ತದೆ. ಚರ್ಮದ ಮೇಲ್ಪದರ ಉದುರುತ್ತಾ ಹೋಗುವುದರಿಂದ ಎರಡು ಮೂರು ವಾರಗಳಲ್ಲಿ ಗೆಣ್ಣಿನ ಕಡೆಯ ಭಾಗ ಮಾಸುತ್ತದೆ. ಉಗುರಿನ ಮೇಲಿನದು ಹಾಗಲ್ಲ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಉಗುರಿನ ಬುಡದಲ್ಲಿ ಕೂತ ಶಾಯಿ ತುದಿಗೆ ಬಂದು ಕತ್ತರಿಗೆ ಸಿಗಲು ತಿಂಗಳುಗಳೇ ಬೇಕು. ಮೊದಲ ಸಲದವರಿಗೆ ಒಂದು ಎಚ್ಚರಿಕೆಯೂ ಇಲ್ಲಿದೆ. ಶಾಯಿ ಹಸಿಯಾಗಿರುವಾಗ ಬಟ್ಟೆಗೆ ಸವರಿಕೊಳ್ಳಬೇಡಿ, ಕಣ್ಣು ಉಜ್ಜಬೇಡಿ. ಬಟ್ಟೆಗೆ ಬಿದ್ದ ಕಲೆ ತೊಳೆದರೆ ಹೋಗುವುದಿಲ್ಲ.

ಈಗ ನಮ್ಮ ಬೀದಿಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆ ಗೆರೆ ಅವಳ ಬೆರಳಿಗೆ ಬಿದ್ದದ್ದು ಏಪ್ರಿಲ್ 26ರಂದು. ಅಲ್ಲಿಗೆ ತಲುಪುವ ದಾರಿ ತಿಂಗಳುಗಳ ಮೊದಲೇ ಶುರುವಾಗಿತ್ತು. ಅವಳು ಹುಟ್ಟಿದ್ದು 2006ರ ಫೆಬ್ರವರಿಯಲ್ಲಿ. ಹಿಂದಿನ ನಿಯಮವೇ ಇದ್ದಿದ್ದರೆ ಅವಳಿಗೆ ಆ ಚುನಾವಣೆ ತಪ್ಪಿಹೋಗುತ್ತಿತ್ತು. ಆಗ ಜನವರಿ 1ಕ್ಕೆ ಹದಿನೆಂಟು ತುಂಬಿದವರನ್ನು ಮಾತ್ರ ಆ ವರ್ಷದ ಪಟ್ಟಿಗೆ ಸೇರಿಸುತ್ತಿದ್ದರು. ಫೆಬ್ರವರಿಯಲ್ಲಿ ಹದಿನೆಂಟಾದವರು ಮುಂದಿನ ಜನವರಿವರೆಗೆ ಕಾಯಬೇಕಿತ್ತು. 2021ರ ಕೊನೆಯಲ್ಲಿ ಸಂಸತ್ತು ಕಾನೂನು ತಿದ್ದಿ, 2022ರ ಆಗಸ್ಟಿನಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು ಬಂದವು. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಟ್ಟಿರಬಹುದು, ಹದಿನೆಂಟಾದ ಮೇಲೆ ಬರುವ ಅರ್ಹತಾ ದಿನಾಂಕಕ್ಕೆ ಹೆಸರು ಸೇರುತ್ತದೆ.

ಈ ಹುಡುಗಿ ಮಾಡಿದ್ದೂ ಅದನ್ನೇ. 2023ರ ಕೊನೆಯಲ್ಲಿ ನಮೂನೆ 6 ತುಂಬಿ, ವಯಸ್ಸಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ ಜೋಡಿಸಿ voters.eci.gov.in ಮೂಲಕ ಕಳಿಸಿದ್ದಳು. ಬಿಎಲ್‌ಒ ಮನೆಗೆ ಬಂದು ವಿಚಾರಿಸಿ ಹೋದರು. ಏಪ್ರಿಲ್ 1 ಅವಳ ಅರ್ಹತಾ ದಿನಾಂಕವಾಯಿತು. ನಮ್ಮಲ್ಲಿ ನಾಮಪತ್ರ ಸಲ್ಲಿಸಲು ಏಪ್ರಿಲ್ 4 ಕೊನೆಯ ದಿನವಾಗಿತ್ತು. ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ. ಮುಂಚಿತವಾಗಿ ಅರ್ಜಿ ಹಾಕಿದ್ದರಿಂದಲೇ ಅವಳ ಹೆಸರು ಸಕಾಲಕ್ಕೆ ಪಟ್ಟಿಗೆ ಬಂತು. ಅವಳ ತರಗತಿಯ ಎಷ್ಟೋ ಮಕ್ಕಳು ಮತದಾನಕ್ಕೆ ಒಂದು ವಾರವಿದ್ದಾಗ ವೋಟರ್ ಐಡಿ ಮಾಡಿಸಲು ಓಡಾಡಿ ಬರಿಗೈಲಿ ಬಂದರಂತೆ.

ಅವಳ ಅಜ್ಜಿಗೆ ಇದೆಲ್ಲ ಕೇಳಿ ಆಶ್ಚರ್ಯ. “ನಮ್ಮ ಕಾಲದಲ್ಲಿ ಇಪ್ಪತ್ತೊಂದು ಆಗಬೇಕಿತ್ತು ಕಣೆ. ಮದುವೆ ಆಗಿ, ಮಗು ಆಗಿ, ಆಮೇಲೆ ವೋಟು” ಎಂದರು. ಅವರು ಹೇಳಿದ್ದು ನಿಜ. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲಷ್ಟೇ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಮೊಮ್ಮಗಳ ಬೆರಳಿನ ಗೆರೆಯ ಹಿಂದೆ ಎರಡು ತಿದ್ದುಪಡಿಗಳಿವೆ. ಒಂದು ಅವಳಿಗೆ ಮೂರು ವರ್ಷ ಉಳಿಸಿತು, ಇನ್ನೊಂದು ಐದು ವರ್ಷ ಕಾಯುವುದನ್ನು ತಪ್ಪಿಸಿತು.

ಸಾಲಿನಲ್ಲಿ ಕ್ಷೇತ್ರದ ಹೆಸರು ಬರೆಯುವವರು ಉತ್ತರ ಬೆಂಗಳೂರಿನಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಇಲ್ಲಿ ಬಡಾವಣೆಯ ಹೆಸರು, ವಿಧಾನಸಭೆಯ ಹೆಸರು, ಲೋಕಸಭೆಯ ಹೆಸರು ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆರ್.ಟಿ. ನಗರ ಹೆಬ್ಬಾಳ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ, ಲೋಕಸಭೆಗೆ ಬೆಂಗಳೂರು ಉತ್ತರ. ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಿ ಯಲಹಂಕ ತಲುಪಿದರೆ ಅಲ್ಲಿಯವರು ಲೋಕಸಭೆಗೆ ಮತ ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಯಶವಂತಪುರ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರ ಬೆಂಗಳೂರು ಉತ್ತರದಲ್ಲಿದೆ. ಆದರೆ ಪಾಲಿಕೆಯ ಯಶವಂತಪುರ ವಾರ್ಡು ಇದ್ದದ್ದು ರಾಜರಾಜೇಶ್ವರಿನಗರ ವಿಧಾನಸಭಾ ಕ್ಷೇತ್ರದಲ್ಲಿ, ಅದು ಲೋಕಸಭೆಗೆ ಬೆಂಗಳೂರು ಗ್ರಾಮಾಂತರ. ಒಂದೇ ಕಾಲೇಜಿನ ಮೂವರು ಗೆಳತಿಯರು ಅವತ್ತು ಒಂದೇ ಮೈಸೂರು ಶಾಯಿ ಹಾಕಿಸಿಕೊಂಡು ಮೂವರು ಬೇರೆ ಬೇರೆ ಸಂಸದರನ್ನು ಆರಿಸಿರಬಹುದು. ಮೂರೂ ಕಡೆ ಮತದಾನ ಏಪ್ರಿಲ್ 26ರಂದೇ ಇತ್ತು. ಕ್ಷೇತ್ರದ ಹೆಸರು ಬರೆಯುವಾಗ ವಿಳಾಸದ ಅಂದಾಜಿನಲ್ಲಿ ಬರೆಯದೆ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಮುಂದೆ ರಸ್ತೆಯದ್ದೋ ರೈಲಿನದ್ದೋ ಕೆಲಸಕ್ಕೆ ಸಂಸದರನ್ನು ಕೇಳಬೇಕಾದಾಗ ಯಾರನ್ನು ಕೇಳಬೇಕು ಎಂಬುದೂ ಆಗಲೇ ಗೊತ್ತಾಗುತ್ತದೆ.

ಫೋಟೊದಲ್ಲಿ ಏನಿರಬಾರದು ಎಂಬುದೂ ಅಷ್ಟೇ ಮುಖ್ಯ. ಮತಯಂತ್ರದ ಫೋಟೊ, ವಿವಿಪ್ಯಾಟ್ ಚೀಟಿಯ ಫೋಟೊ ತೆಗೆಯುವಂತಿಲ್ಲ. ಮತಗಟ್ಟೆಯ ಒಳಗೆ ಮತದ ಗೌಪ್ಯ ಕಾಪಾಡುವುದು ಮತದಾರರ ಮೇಲೂ ಇರುವ ಹೊಣೆ ಎಂದು ನಿಯಮ ಹೇಳುತ್ತದೆ. ಎಚ್ಚರಿಸಿದ ಮೇಲೂ ಕೇಳದಿದ್ದರೆ ಮತ ಹಾಕಲು ಬಿಡದಿರುವ ಅಧಿಕಾರ ಅಧ್ಯಕ್ಷಾಧಿಕಾರಿಗೆ ಇದೆ. ಇದು ಬರಿಯ ಶಿಸ್ತಿನ ಮಾತಲ್ಲ. ಯಾರಿಗೆ ಒತ್ತಿದೆ ಎಂದು ಫೋಟೊ ತೋರಿಸಲು ಸಾಧ್ಯವಾದರೆ, ದುಡ್ಡು ಹಂಚಿದವರು ಆ ಫೋಟೊ ಕೇಳುತ್ತಾರೆ. ಕೆಲಸ ಕೊಟ್ಟವರು, ಸಾಲ ಕೊಟ್ಟವರು, ಮನೆಯ ಹಿರಿಯರು ಕೂಡ ಕೇಳಬಹುದು. ಇವತ್ತು ಯಾರ ಒತ್ತಡಕ್ಕೆ ಸಿಕ್ಕಿದವರೂ ಮರೆಯ ಹಿಂದೆ ಹೋಗಿ ತಮಗೆ ಬೇಕಾದವರಿಗೆ ಒತ್ತಿ, ಹೊರಗೆ ಬಂದು ಬೆರಳು ತೋರಿಸಿ ಸುಮ್ಮನಿರಬಹುದು. ಶಾಯಿ ಎಲ್ಲರಿಗೂ ಒಂದೇ ಬಣ್ಣ, ಒಂದೇ ಉದ್ದ. ಗೆದ್ದವರಿಗೆ ಹಾಕಿದವರ ಬೆರಳು, ಸೋತವರಿಗೆ ಹಾಕಿದವರ ಬೆರಳು, ನೋಟಾ ಒತ್ತಿದವರ ಬೆರಳು ಒಂದೇ ಥರ. ಆ ಗುರುತಿನಿಂದ ಯಾರೂ ಏನನ್ನೂ ಓದಿಕೊಳ್ಳಲಾಗದು ಎಂಬುದರಲ್ಲೇ ಬಡವರ, ಹೆಂಗಸರ, ಎಳೆಯರ ರಕ್ಷಣೆ ಇದೆ. ಇದಕ್ಕಾಗಿಯೇ ಬೆರಳಿನ ಪಕ್ಕ ಪಕ್ಷದ ಚಿಹ್ನೆ ಇಟ್ಟು ಫೋಟೊ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಯಾರಿಗೆ ಮತ ಹಾಕಿದೆ ಎಂದು ಆಮೇಲೆ ಸ್ನೇಹಿತರಿಗೆ ಹೇಳುವುದು ನಿಮ್ಮ ಇಷ್ಟ. ಆದರೆ ಎಲ್ಲರೂ ಹಾಗೆ ತೋರಿಸುವುದೇ ರೂಢಿಯಾದರೆ, ತೋರಿಸದವರ ಮೇಲೆ ಅನುಮಾನ ಶುರುವಾಗುತ್ತದೆ.

ಮತದಾರರ ಚೀಟಿಯನ್ನೂ ವೋಟರ್ ಐಡಿಯನ್ನೂ ಬೆರಳಿನ ಜೊತೆ ಹಿಡಿದು ಫೋಟೊ ತೆಗೆಯುವುದು ಇನ್ನೊಂದು ರೂಢಿ. ಅದರಲ್ಲಿ ನಿಮ್ಮ ಹೆಸರು, ಗುರುತಿನ ಸಂಖ್ಯೆ, ಪಟ್ಟಿಯ ಕ್ರಮಸಂಖ್ಯೆ ಎಲ್ಲ ಇರುತ್ತದೆ. ಕಂಡವರಿಗೆಲ್ಲ ಅದನ್ನು ಹಂಚಬೇಕಾಗಿಲ್ಲ. ಫೋನಿನ ಮುಂದಿನ ಕ್ಯಾಮೆರಾದ ಒಂದು ಚೇಷ್ಟೆಯೂ ಗೊತ್ತಿರಲಿ. ಅನೇಕ ಫೋನುಗಳಲ್ಲಿ ಅದು ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದರಿಂದ ಎಡಗೈ ಬಲಗೈಯಂತೆ ಕಾಣುತ್ತದೆ. ‘ತಪ್ಪು ಕೈಗೆ ಹಾಕಿದ್ದಾರಲ್ಲ’ ಎಂದು ಯಾರಾದರೂ ಕೇಳಿದರೆ ಗಾಬರಿ ಬೇಡ. ಎಡಗೈ ಇಲ್ಲದವರಿಗೆ ಬಲಗೈಗೆ ಹಾಕುವ ಅವಕಾಶ ನಿಯಮದಲ್ಲೇ ಇದೆ. ಮರುಮತದಾನ ನಡೆದರೆ ತೋರುಬೆರಳಿನಲ್ಲಿ ಹಳೆಯ ಗುರುತಿರುವುದರಿಂದ ಎಡಗೈಯ ಮಧ್ಯದ ಬೆರಳಿಗೆ ಹಾಕಬೇಕೆಂದು ಆಯೋಗದ ಸೂಚನೆಯಿದೆ. 2024ರಲ್ಲಿ ಮತಗಟ್ಟೆ ಧ್ವಂಸವಾಗಿದ್ದ ಚಾಮರಾಜನಗರ ಕ್ಷೇತ್ರದ ಇಂಡಿಗನತ್ತದಲ್ಲಿ ಏಪ್ರಿಲ್ 29ರಂದು ನಡೆದದ್ದು ಇಂಥದೇ ಮರುಮತದಾನ.

ಇಷ್ಟೆಲ್ಲ ಮಾತಾಡಿದ ಮೇಲೆ ಅವಳೇ ಕೂತು ಬರೆದಳು. ಮೊದಲು ಬರೆದದ್ದು, ‘ದೇಶದ ಭವಿಷ್ಯ ನನ್ನ ಬೆರಳ ತುದಿಯಲ್ಲಿ!’ ಎಂದು. ಅದನ್ನು ತಾನೇ ಹೊಡೆದುಹಾಕಿದಳು. ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಬೆರಳುಗಳಿವೆ, ತನ್ನದು ಅದರಲ್ಲಿ ಒಂದು ಎಂಬುದು ಅವಳಿಗೆ ಗೊತ್ತಿತ್ತು. ಎರಡನೆಯ ಸಲ, ‘ಇವತ್ತು ನಾನು ನಿಜವಾದ ಭಾರತೀಯಳಾದೆ’ ಎಂದು ಬರೆದು ಅದನ್ನೂ ಬಿಟ್ಟಳು. ಮತ ಹಾಕುವ ಮೊದಲೂ ಅವಳು ಭಾರತೀಯಳೇ. ಕೊನೆಗೆ ಉಳಿದದ್ದು ಹೀಗೆ:

‘2024 ಏಪ್ರಿಲ್ 26. ಹೆಬ್ಬಾಳ, ಬೆಂಗಳೂರು ಉತ್ತರ. ಅಧಿಕಾರಿ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು, ಯಾರೂ ತಕರಾರು ಮಾಡಲಿಲ್ಲ. ನನಗೂ ನನ್ನ ಅಜ್ಜಿಗೂ ಒಂದೊಂದೇ ಗೆರೆ.’

ಇದರಲ್ಲಿ ಗುರುತು ಹೇಳದ್ದು ಒಂದೂ ಇಲ್ಲ. ಹೆಸರು ಪಟ್ಟಿಯಲ್ಲಿತ್ತು, ನಾಲ್ಕು ಜನರ ಎದುರು ಅದನ್ನು ಓದಿ ಒಪ್ಪಿಕೊಂಡರು, ಹದಿನೆಂಟರ ಹುಡುಗಿಗೂ ಅಷ್ಟು ಚುನಾವಣೆ ಕಂಡ ಅಜ್ಜಿಗೂ ಸಮನಾದ ಒಂದು ಸರದಿ ಸಿಕ್ಕಿತು. ಮೊದಲ ಮತದ ದೊಡ್ಡತನ ಇರುವುದೂ ಇದರಲ್ಲೇ. ನಿಮ್ಮ ಮನೆಯ ಮಕ್ಕಳು ಇಂಥ ಸಾಲು ಬರೆಯುವಾಗ ಮೂರು ವಿಷಯ ಸೇರಿಸಲು ಹೇಳಿ: ದಿನಾಂಕ, ಕ್ಷೇತ್ರ, ಮತ್ತು ಮತಗಟ್ಟೆಯೊಳಗೆ ತಾವೇ ಕಣ್ಣಾರೆ ಕಂಡ ಒಂದು ಸಂಗತಿ. ಯಲಹಂಕದ ಹುಡುಗ, ‘ಮನೆ ಯಲಹಂಕ, ಮತ ಚಿಕ್ಕಬಳ್ಳಾಪುರಕ್ಕೆ. ಸರದಿಯಲ್ಲಿ ನನ್ನ ಹಿಂದೆ ನನ್ನ ಶಾಲೆಯ ಮೇಷ್ಟ್ರು ನಿಂತಿದ್ದರು’ ಎಂದು ಬರೆದರೆ ಅದು ಅವನೊಬ್ಬನದೇ ಸಾಲಾಗುತ್ತದೆ.

ಆ ಸಾಲನ್ನು ಬರೆದಿಟ್ಟುಕೊಂಡವರು ಇನ್ನೊಂದು ಕೆಲಸ ಮರೆಯಬಾರದು. ಈ ಸಲ ಬೆರಳಿಗೆ ಬಿದ್ದ ಗೆರೆ ಮುಂದಿನ ಚುನಾವಣೆಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಮನೆ ಬದಲಾಯಿಸಿದರೆ, ಪಟ್ಟಿ ಪರಿಷ್ಕರಣೆಯ ವೇಳೆ ಬಿಎಲ್‌ಒ ಬಂದಾಗ ಬಾಗಿಲು ಹಾಕಿದ್ದರೆ, ಹೆಸರು ಬಿಟ್ಟುಹೋಗಬಹುದು. ವೋಟರ್ ಐಡಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತವಿಲ್ಲ. ಬಾಡಿಗೆ ಮನೆಗಳು ತುಂಬಿರುವ ಆರ್.ಟಿ. ನಗರದಲ್ಲೂ ಹೆಬ್ಬಾಳದಲ್ಲೂ ಇದು ದೂರದ ಮಾತಲ್ಲ. ಹಾಗಾಗಿ ಪ್ರತಿವರ್ಷ ಕರಡು ಪಟ್ಟಿ ಬಂದಾಗ ಹೆಸರು ಹುಡುಕಿ ನೋಡಿ, ಇಲ್ಲದಿದ್ದರೆ ನಮೂನೆ 6, ವಿಳಾಸ ಬದಲಾಗಿದ್ದರೆ ನಮೂನೆ 8 ತುಂಬಿ ಕೊಡಿ. ಎರಡನೆಯ ಸಲದ ಗೆರೆಗೆ ಆ ಅರ್ಜಿಯಿಂದಲೇ ತಯಾರಿ ಶುರುವಾಗಬೇಕು.